ಪುಸ್ತಕದ ಬೆನ್ನಿನ ಅಗಲ ಲೆಕ್ಕ ಹಾಕೋದು ಹೇಗೆ?

240 ಪುಟದ ಪುಸ್ತಕಕ್ಕೆ ಕವರ್ ಡಿಸೈನ್ ಮಾಡ್ತಿದ್ದೀನಿ. ಒಳಪುಟ 80 ಜಿಎಸ್ಎಂ. ಸ್ಪೈನ್ ಎಷ್ಟು ಇಡಬೇಕು?

80 ಜಿಎಸ್ಎಂ ಅನ್ನೋದು ಕಾಗದದ ತೂಕ, ದಪ್ಪ ಅಲ್ಲ. ಎಡವಟ್ಟಾಗೋದು ಇಲ್ಲೇ. ಪ್ರೆಸ್ಸಿನವರ ಹತ್ತಿರ ಆ ಕಾಗದದ ದಪ್ಪ ಎಷ್ಟು ಮೈಕ್ರಾನ್ ಅಂತ ಕೇಳಿ. ಅವರು ಬಲ್ಕ್, ಅಂದರೆ ಕಾಗದ ತನ್ನ ತೂಕಕ್ಕೆ ಎಷ್ಟು ಉಬ್ಬಿದೆ ಅನ್ನೋ ಅಂಕಿ, ಮಾತ್ರ ಹೇಳಿದರೆ, ಜಿಎಸ್ಎಂ ಅನ್ನು ಅದರಿಂದ ಗುಣಿಸಿ. ಬಲ್ಕ್ 1.25 ಇದ್ದರೆ 80 × 1.25 = 100 ಮೈಕ್ರಾನ್, ಅಂದರೆ 0.1 ಮಿ.ಮೀ.

ಒಂದು ಹಾಳೆಗೆ ಎರಡು ಪುಟ. ಹಾಗಾಗಿ ನಿಮ್ಮದು 120 ಹಾಳೆ, 12 ಮಿ.ಮೀ. ಕವರ್ ಕಾಗದ 0.3 ಮಿ.ಮೀ. ಅಂತಿಟ್ಟುಕೊಳ್ಳಿ. ಅದು ಮುಂದೆ ಹಿಂದೆ ಎರಡು ಕಡೆ ಬರುತ್ತದೆ, ಒಟ್ಟು 12.6 ಮಿ.ಮೀ.

ಅದೇ 80 ಜಿಎಸ್ಎಂನಲ್ಲಿ ಉಬ್ಬಿದ ಕಾದಂಬರಿ ಕಾಗದ ತಗೊಂಡರೆ? ಬಲ್ಕ್ 1.8 ಆದರೆ ಹಾಳೆ 0.144 ಮಿ.ಮೀ., ಬೆನ್ನು ಸುಮಾರು 17.9. ಐದು ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ! ಬೆನ್ನಿನ ಮೇಲಿರಬೇಕಾದ ಹೆಸರು ಅಂಚಿಗೆ ಜಾರುತ್ತದೆ, ಮುಖಪುಟದ ಬಣ್ಣ ಬೆನ್ನಿಗೆ ಇಣುಕುತ್ತದೆ.

ಲೆಕ್ಕದ ಮೇಲೆ ನಂಬಿಕೆ ಇಲ್ಲದಿದ್ದರೆ ಅದೇ ಕಾಗದದ 100 ಹಾಳೆ ಒತ್ತಿ ಹಿಡಿದು ವರ್ನಿಯರ್‌ನಲ್ಲಿ ಅಳೆದು ನೂರರಿಂದ ಭಾಗಿಸಿ. ಸುಮ್ನೆ ಒಂದೇ ಹಾಳೆ ಅಳೆಯಬೇಡಿ, ಚೂರು ತಪ್ಪಿದರೂ ಅದು 120 ಪಟ್ಟಾಗುತ್ತದೆ.

ಪುಟ ಎಣಿಸುವಾಗ ಖಾಲಿ ಪುಟಗಳನ್ನೂ ಸೇರಿಸಿ. ಬೈಂಡಿಂಗ್‌ನಲ್ಲಿ ಕವರ್ ಒಂದಿಷ್ಟು ಆಚೀಚೆ ಸರಿಯೋದು ಇದ್ದದ್ದೇ. ಅದಕ್ಕೆ ಬೆನ್ನಿನ ಅಕ್ಷರಗಳಿಗೆ ಎರಡೂ ಕಡೆ 1.5 ಮಿ.ಮೀ. ಜಾಗ ಬಿಡಿ, ಬೆನ್ನಿನ ಅಂಚಿಗೆ ಸರಿಯಾಗಿ ಗೆರೆ ಎಳೆಯಬೇಡಿ.