ಎರಡೂ ಕಡೆ ಒಂದೇ ಖರ್ಚು, ಆದರೂ ಕ್ಯೂ ಒಂದೇ ಕಡೆ

ಪ್ರಶ್ನೆ: ನಗರಸಭೆಯವರು ಬಜೆಟ್‌ನಲ್ಲಿ ಮಹಿಳೆಯರಿಗೆ ಅಂತ ಸ್ವಲ್ಪ ಹಣ ತೆಗೆದಿಟ್ಟರೆ ಅದೇ ಜೆಂಡರ್ ಬಜೆಟಿಂಗ್ ಅಲ್ವಾ? ಉಳಿದ ಖರ್ಚನ್ನು ಹೆಂಗಸು ಗಂಡಸು ಅಂತ ಹೇಗೆ ನೋಡ್ತಾರೆ?

ಅಲ್ಲ. ಜೆಂಡರ್ ಬಜೆಟಿಂಗ್ ಅಂದರೆ ಇಡೀ ಬಜೆಟ್‌ನ ಖರ್ಚು, ಆದಾಯ ಹೆಂಗಸರನ್ನೂ ಗಂಡಸರನ್ನೂ ಹೇಗೆ ಬೇರೆಬೇರೆಯಾಗಿ ಮುಟ್ಟುತ್ತೆ ಅಂತ ನೋಡುವುದು. ಹೆಂಗಸರಿಗೆ ಅಂತಲೇ ತೆಗೆದಿಡುವ ಹಣ ಸಾಮಾನ್ಯವಾಗಿ ತೀರಾ ಸಣ್ಣದು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲೇ ಅರ್ಥಶಾಸ್ತ್ರಜ್ಞೆ ರೋಂಡಾ ಶಾರ್ಪ್ ಖರ್ಚನ್ನು ಮೂರು ಭಾಗ ಮಾಡಿ ನೋಡಿದರು: ಹೆಂಗಸರಿಗೇ ಮೀಸಲಾದದ್ದು, ಸರ್ಕಾರಿ ಕೆಲಸದಲ್ಲಿ ಸಮಾನ ಅವಕಾಶಕ್ಕೆ ಹೋಗುವುದು, ಉಳಿದದ್ದೆಲ್ಲ. ಹೆಚ್ಚುಕಮ್ಮಿ ಪೂರ್ತಿ ಬಜೆಟ್ ಇರುವುದು ಆ ಮೂರನೆಯದರಲ್ಲಿ. ನಾನು ಬಜೆಟ್ ಪುಸ್ತಕ ಕೈಗೆತ್ತಿಕೊಂಡರೆ ಮೊದಲು ನೋಡುವುದೂ ಅದನ್ನೇ.

ಒಂದು ಸಾರ್ವಜನಿಕ ಶೌಚಾಲಯ ತೆಗೆದುಕೊಳ್ಳಿ. ಎರಡು ಕೋಣೆ, ಒಂದೇ ಅಳತೆ, ಒಂದೇ ಖರ್ಚು. ಕಡತದಲ್ಲಿ ಅರ್ಧ ಹೆಂಗಸರಿಗೆ, ಅರ್ಧ ಗಂಡಸರಿಗೆ ಅಂತ ಬರೆದುಬಿಡುತ್ತಾರೆ, ನೋಡೋಕೆ ಸರಿಯಾಗೇ ಇದೆ. ಆದರೆ ಯೂರಿನಲ್‌ಗೆ ಜಾಗ ಕಡಿಮೆ ಸಾಕು, ಹಾಗಾಗಿ ಗಂಡಸರ ಕೋಣೆಯಲ್ಲಿ ಆರು ಯೂರಿನಲ್, ಮೂರು ಕಕ್ಕಸು ಹಿಡಿಯುತ್ತವೆ ಅಂದುಕೊಳ್ಳಿ, ಹೆಂಗಸರ ಕಡೆ ಆರೇ ಕಕ್ಕಸು. ಬಟ್ಟೆ, ಮುಟ್ಟು, ಜೊತೆಗಿರುವ ಮಗು, ಹೀಗೆ ಹೆಂಗಸರಿಗೆ ಸುಮಾರು ಎರಡು ಪಟ್ಟು ಹೊತ್ತು ಬೇಕು. ಲೆಕ್ಕಕ್ಕೆ ಗಂಡಸಿಗೆ ಒಂದು ನಿಮಿಷ, ಹೆಂಗಸಿಗೆ ಎರಡು ಅಂತ ಇಟ್ಟರೆ ನಿಮಿಷಕ್ಕೆ ಆ ಕಡೆ ಒಂಬತ್ತು ಜನ, ಈ ಕಡೆ ಮೂರೇ ಜನ. ಹಣ ಸಮ, ಹೆಂಗಸರಿಗೆ ಸಿಕ್ಕಿದ್ದು ಗಂಡಸರಿಗೆ ಸಿಕ್ಕಿದ್ದರ ಮೂರರಲ್ಲಿ ಒಂದು ಪಾಲು. ನ್ಯೂಯಾರ್ಕ್ ನಗರ 2005ರಲ್ಲಿ ಕ್ರೀಡಾಂಗಣ, ಸಭಾಂಗಣದಂಥ ಹೊಸ ಕಟ್ಟಡಗಳಿಗೆ ಒಂದಕ್ಕೆ ಎರಡರಂತೆ ಹೆಂಗಸರಿಗೆ ಜಾಸ್ತಿ ಇರಬೇಕು ಅಂತ ಕಾನೂನು ಮಾಡಿದ್ದು ಇದಕ್ಕೇ.

ಆಮೇಲೆ ಆದಾಯದ ಕಡೆಗೂ ಬನ್ನಿ, ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಯೂರಿನಲ್ ಪುಕ್ಕಟೆ, ಕಕ್ಕಸಿಗೆ ಶುಲ್ಕ ಅಂತ ಇದ್ದರೆ ಹೆಂಗಸು ಪ್ರತಿ ಸಲ ದುಡ್ಡು ಕೊಡಬೇಕು, ಗಂಡಸು ಯಾವಾಗಲೋ ಒಮ್ಮೆ.

ಪರಿಶೀಲನೆ ದಾರಿ ತಪ್ಪುವುದು ಎಣಿಕೆಯಲ್ಲಿ. ಬಾಗಿಲಲ್ಲಿ ನಿಂತು ಒಳಗೆ ಹೋದವರನ್ನಷ್ಟೇ ಎಣಿಸಿದರೆ ಹೆಂಗಸರು ಕಡಿಮೆ ಸಿಗುತ್ತಾರೆ, ಅಧಿಕಾರಿಗಳು "ಬೇಡಿಕೆ ಇಲ್ಲ" ಅಂತ ಬರೆದು ಮುಂದಿನ ವರ್ಷ ಇನ್ನೂ ಕಡಿಮೆ ಮಾಡುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ. ಯಾಕಂದರೆ ಬಾರದವರು ನೀರು ಕುಡಿಯದೆ, ತಡೆದುಕೊಂಡು ಇರುತ್ತಾರೆ. ಆದ್ದರಿಂದ ಸುತ್ತಲಿನ ಅಂಗಡಿ, ಸಂತೆ, ನಿಲ್ದಾಣದಲ್ಲಿರುವ ಹೆಂಗಸರನ್ನೂ ಕೇಳಬೇಕು: ಯಾಕೆ ಹೋಗಲ್ಲ? ಕತ್ತಲಾ, ಚಿಲಕ ಇಲ್ವಾ, ನೀರು ಬರಲ್ವಾ, ಪ್ಯಾಡ್ ಹಾಕೋಕೆ ಡಬ್ಬಿ ಇಲ್ವಾ?

ಆ ಉತ್ತರಗಳಲ್ಲಿ ಹೆಚ್ಚಿನವು ಕಟ್ಟುವ ಹಣಕ್ಕಲ್ಲ, ನಿರ್ವಹಣೆಯ ಹಣಕ್ಕೆ ಸೇರಿದವು. ಅದಕ್ಕೇ ಎರಡೂ ಸಾಲುಗಳನ್ನು ಒಟ್ಟಿಗೆ ಓದಿ, ಅದೂ ಬಜೆಟ್‌ನಲ್ಲಿ ಇಟ್ಟ ಮೊತ್ತವನ್ನಲ್ಲ, ವರ್ಷದ ಕೊನೆಗೆ ನಿಜವಾಗಿ ಖರ್ಚಾದದ್ದನ್ನು. ಕಟ್ಟಡದ ಸಾಲು ಪೂರ್ತಿ ಖರ್ಚಾಗಿ, ಸ್ವಚ್ಛತೆ ಮತ್ತು ದೀಪದ ಸಾಲು ಹಾಗೇ ಉಳಿದಿದ್ದರೆ ಆ ಬಾಗಿಲಿಗೆ ಬೀಗ ಬಿದ್ದಿದೆಯಾ ಅಂತ ಹೋಗಿ ನೋಡಿ.