ಹೆಚ್ಚು ಕಟ್ಟಿಸಿಕೊಂಡ ಫೀಸು, ಕೈಗೆ ಬಾರದ ರಿಫಂಡು

ಮಗ ಇಂಗ್ಲೆಂಡಿನಲ್ಲಿ ಎಂಎಸ್ಸಿ ಓದುತ್ತಿದ್ದಾನೆ. ಯೂನಿವರ್ಸಿಟಿಯವರು ತಪ್ಪಾಗಿ ಜಾಸ್ತಿ ಫೀಸ್ ಕಟ್ಟಿಸಿಕೊಂಡರು. ರಿಫಂಡ್ ಕಳಿಸಿದ್ದೇವೆ ಅಂತಾರೆ, ಬೆಂಗಳೂರಿನ ನನ್ನ ಖಾತೆಗೆ ಬಂದೇ ಇಲ್ಲ. ನಾನು ಹಾಕಿದ ಮೇಲ್‌ಗಳಿಗೆ ಉತ್ತರವೂ ಇಲ್ಲ. ದೂರಿನ ಪತ್ರ ಹೇಗೆ ಬರೆಯಬೇಕು?

ಮೊದಲನೆಯದಾಗಿ, ಪತ್ರ ನೀವು ಬರೆಯಬೇಡಿ ಸರ್, ಮಗನ ಕೈಲಿ ಬರೆಸಿ. ಅದೂ ಅವನ ಯೂನಿವರ್ಸಿಟಿ ಮೇಲ್‌ನಿಂದ. ದುಡ್ಡು ಕಟ್ಟಿದವರು ನೀವೇ ಆದರೂ ಅವನ ಒಪ್ಪಿಗೆ ಇಲ್ಲದೆ ಅವನ ಫೀಸಿನ ವಿವರ ಅವರು ನಿಮಗೆ ಹೇಳುವುದಿಲ್ಲ. ಅಲ್ಲಿನ ಡೇಟಾ ರಕ್ಷಣೆ ಕಾನೂನು ಹಾಗಿದೆ. ನಾನು ಅಲ್ಲಿ ಓದುವಾಗ ನಮ್ಮಪ್ಪ ಬಸವನಗುಡಿಯಲ್ಲಿ ಕೂತು ಖಾರವಾಗಿ ನಾಲ್ಕು ಮೇಲ್ ಹಾಕಿದ್ದರು. ಎಲ್ಲ ನೀರಲ್ಲಿ ಹೋಮ.

ನನ್ನ ಕತೆ ಹೇಳುತ್ತೇನೆ, ನಿಮ್ಮದಕ್ಕೆ ಹೊಂದಿಸಿಕೊಳ್ಳಿ. ಫೀಸು 18,000 ಪೌಂಡ್. ಸ್ಕಾಲರ್‌ಶಿಪ್ 2,000. ಅಂದರೆ ಕಟ್ಟಬೇಕಾದ್ದು 16,000, ಅಷ್ಟನ್ನೂ ಅಪ್ಪ ಕಳಿಸಿದ್ದರು. ಆದರೆ ಸ್ಕಾಲರ್‌ಶಿಪ್ಪನ್ನು ಲೆಕ್ಕಕ್ಕೆ ಹಿಡಿಯದೆ ‘2,000 ಬಾಕಿ, ತಡವಾದ್ದಕ್ಕೆ ದಂಡ 100’ ಅಂತ ಬಂತು. ಹೆಸರು ನೋಂದಾಯಿಸಿಕೊಳ್ಳದಿದ್ದರೆ ವೀಸಾ ಗತಿ ಏನು ಅಂತ ಹೆದರಿ 2,100 ಕಟ್ಟಿಬಿಟ್ಟೆವು. ಆಮೇಲೆ ಸ್ಕಾಲರ್‌ಶಿಪ್ ಸೇರಿಸಿದರು, ದಂಡ ಮಾತ್ರ ಹಾಗೇ ಉಳಿಯಿತು.

ನನ್ನ ಮೊದಲ ಪತ್ರ ಎರಡು ಪುಟ ಇತ್ತು. ನೋವು, ಸಿಟ್ಟು, ಅಪ್ಪನ ಸಾಲ ಎಲ್ಲ ಇತ್ತು, ಲೆಕ್ಕ ಮಾತ್ರ ಇರಲಿಲ್ಲ. ‘ರಿಫಂಡ್ ಆಗಿದೆ’ ಅಂತ ಒಂದು ಸಾಲಿನ ಉತ್ತರ ಬಂತು. ಎರಡನೆಯದರಲ್ಲಿ ಎರಡು ವಿಷಯ ಬೇರೆ ಬೇರೆ ಮಾಡಿದೆ. ಕನ್ನಡದಲ್ಲಿ ಹೇಳುವುದಾದರೆ ಒಕ್ಕಣೆ ಹೀಗಿತ್ತು:

“ನನ್ನ ವಿದ್ಯಾರ್ಥಿ ಸಂಖ್ಯೆ ಇದು. ಸ್ಕಾಲರ್‌ಶಿಪ್ ಪತ್ರದ ಪ್ರಕಾರ ನಾನು ಕಟ್ಟಬೇಕಿದ್ದು 16,000, ಕಟ್ಟಿದ್ದು 18,100. ಸ್ಕಾಲರ್‌ಶಿಪ್ ಸೇರಿಸದ್ದರಿಂದಲೇ ದಂಡ ಬಿದ್ದಿದೆ, ದಯವಿಟ್ಟು ಆ 100 ಪೌಂಡ್ ರದ್ದು ಮಾಡಿ. ಉಳಿದ 2,000 ಕಳಿಸಿದ್ದೀರಿ ಎನ್ನುತ್ತೀರಿ, ನನ್ನ ತಂದೆಯ ಖಾತೆಗೆ ಬಂದಿಲ್ಲ. ಕಳಿಸಿದ ದಿನಾಂಕ, ಖಾತೆಯ ಕೊನೆಯ ನಾಲ್ಕು ಅಂಕಿ ಮತ್ತು ಆ ಪಾವತಿಯ ಯುಇಟಿಆರ್ ಸಂಖ್ಯೆ ತಿಳಿಸಿ. ಹಣ ನಿಮ್ಮ ಬ್ಯಾಂಕಿಗೇ ವಾಪಸ್ ಬಂದಿದೆಯೇ ನೋಡಿ.”

ಜೊತೆಗೆ ಸ್ಕಾಲರ್‌ಶಿಪ್ ಪತ್ರ, ಫೀಸಿನ ಸ್ಟೇಟ್‌ಮೆಂಟ್, ಹಣ ಕಳಿಸಿದ್ದಕ್ಕೆ ನಮ್ಮ ಬ್ಯಾಂಕ್ ಕೊಟ್ಟ ಸ್ವಿಫ್ಟ್ ಪ್ರತಿ ಲಗತ್ತಿಸಿದೆ. ಅಷ್ಟು ಸಾಕು.

ಯುಇಟಿಆರ್ ಅಂದರೆ, ದೇಶದಿಂದ ದೇಶಕ್ಕೆ ಹಣ ಕಳಿಸಲು ಬ್ಯಾಂಕುಗಳು ಬಳಸುವ ಸ್ವಿಫ್ಟ್ ಜಾಲದ ಪಾವತಿಯ ಗುರುತಿನ ಸಂಖ್ಯೆ. ಅಡ್ಡಗೆರೆ ಸೇರಿ 36 ಅಕ್ಷರ ಇರುತ್ತದೆ. ಅದು ಕೈಯಲ್ಲಿದ್ದರೆ ನಿಮ್ಮ ಬ್ಯಾಂಕಿನ ಫಾರೆಕ್ಸ್ ವಿಭಾಗದವರು ದುಡ್ಡು ಎಲ್ಲಿ ನಿಂತಿದೆ ಅಂತ ಹುಡುಕಬಹುದು. ಇಲ್ಲದಿದ್ದರೆ ಕೌಂಟರಿನಲ್ಲಿ ‘ಏನೂ ಬಂದಿಲ್ಲ ಸರ್’ ಅನ್ನುವ ಮಾತೇ ಗತಿ. ಬ್ಯಾಂಕಿನವರದ್ದೂ ತಪ್ಪಲ್ಲ, ಬರದ ಹಣಕ್ಕೆ ಅವರ ಹತ್ತಿರ ದಾಖಲೆ ಎಲ್ಲಿರುತ್ತದೆ?

ಹಣ ವಾಪಸ್ ಬಂದಿದೆಯೇ ಅನ್ನುವ ಆ ಒಂದು ಪ್ರಶ್ನೆಯಿಂದಲೇ ಗುಟ್ಟು ಹೊರಬಿತ್ತು. ಹಣ ವಾಪಸ್ ಹೋಗಿ ಯೂನಿವರ್ಸಿಟಿಯ ಖಾತೆಯಲ್ಲಿ ಯಾರ ಹೆಸರಿಗೂ ಸೇರದೆ ಕೂತಿತ್ತು. ಕಾರಣ ಎರಡು. ರಿಫಂಡ್ ಫಾರಂನಲ್ಲಿ ಐಬಾನ್, ಅಂದರೆ ಯುರೋಪು ಮುಂತಾದ ಕಡೆ ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ, ಕೇಳುವ ಕಡೆ ನಾನು ಖಾತೆ ನಂಬರ್ ತುಂಬಿದ್ದೆ. ಭಾರತದಲ್ಲಿ ಐಬಾನ್ ಇಲ್ಲವೇ ಇಲ್ಲ! ಇಲ್ಲಿಗೆ ಬೇಕಾದ್ದು ಖಾತೆ ನಂಬರ್ ಮತ್ತು ಸ್ವಿಫ್ಟ್ ಕೋಡ್. ಎಲ್ಲ ಶಾಖೆಗೂ ಸ್ವಂತ ಸ್ವಿಫ್ಟ್ ಕೋಡ್ ಇರುವುದಿಲ್ಲ, ಯಾವುದನ್ನು ಕೊಡಬೇಕು ಅಂತ ಶಾಖೆಯಲ್ಲೇ ಕೇಳಿ. ಎರಡನೆಯದು ನಮ್ಮ ಇನಿಷಿಯಲ್ ಕತೆ. ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರಿನ ಮುಂದೆ ಬರೀ ಎರಡಕ್ಷರ. ನಾನು ಊರಿನ ಹೆಸರು, ತಾತನ ಹೆಸರು ಎಲ್ಲ ಬಿಡಿಸಿ ಬರೆದಿದ್ದೆ. ಪಾಸ್‌ಬುಕ್ಕಿನಲ್ಲಿ ಹೇಗಿದೆಯೋ ಹಾಗೇ ಬರೆಯಬೇಕು.

‘ನನ್ನ ಖಾತೆಗೇ ಹಾಕಿ’ ಅಂತ ಮಗ ಕೇಳಿದರೆ ಬಹುಶಃ ಒಪ್ಪುವುದಿಲ್ಲ. ಅಕ್ರಮ ಹಣದ ಭಯಕ್ಕೆ, ದುಡ್ಡು ಎಲ್ಲಿಂದ ಬಂತೋ ಅಲ್ಲಿಗೇ ಕಳಿಸುವುದು ಅಲ್ಲಿನ ಯೂನಿವರ್ಸಿಟಿಗಳ ವಾಡಿಕೆ.

ಫೈನಾನ್ಸ್ ಆಫೀಸು ಇದಕ್ಕೂ ಜಗ್ಗದಿದ್ದರೆ ಅದೇ ಪತ್ರವನ್ನು ಯೂನಿವರ್ಸಿಟಿಯ ಅಧಿಕೃತ ದೂರು ವಿಭಾಗಕ್ಕೆ ಕೊಡಲಿ. ಅಲ್ಲೂ ಕೈಚೆಲ್ಲಿದರೆ ‘ನಮ್ಮ ಕಡೆಯ ಕ್ರಮ ಮುಗಿಯಿತು’ ಅನ್ನುವ ಪತ್ರ ಕೇಳಿ ಪಡೆಯಬೇಕು. ಅದರ ತಾರೀಖಿನಿಂದ 12 ತಿಂಗಳೊಳಗೆ ವಿದ್ಯಾರ್ಥಿಗಳ ದೂರು ವಿಚಾರಿಸುವ ಒಐಎ ಎಂಬ ಸ್ವತಂತ್ರ ಸಂಸ್ಥೆಗೆ ಹೋಗಬಹುದು. ವಿದ್ಯಾರ್ಥಿಗೆ ಅದು ಉಚಿತ. ಆದರೆ ಅದು ಇಂಗ್ಲೆಂಡ್, ವೇಲ್ಸ್‌ಗೆ ಮಾತ್ರ, ಮತ್ತು ಆ ಪತ್ರ ಇಲ್ಲದೆ ಸಾಮಾನ್ಯವಾಗಿ ದೂರು ತೆಗೆದುಕೊಳ್ಳುವುದಿಲ್ಲ.

ನಮಗೆ ಅಲ್ಲಿತನಕ ಹೋಗುವ ಪ್ರಮೇಯ ಬರಲಿಲ್ಲ. ದಂಡವೂ ಸೇರಿ 2,100 ಕಳಿಸಿದರು. ದಾರಿಯಲ್ಲಿ ಮಧ್ಯದ ಬ್ಯಾಂಕು ಒಂದಿಷ್ಟು ಕತ್ತರಿಸಿಕೊಂಡಿತು. ಅದಕ್ಕೂ ಒಂದು ಮೇಲ್ ಹಾಕು ಅಂದರು ಅಪ್ಪ. ನಾನು ಹಾಕಲಿಲ್ಲ.