ಅದೇ ಜನರನ್ನು ಎರಡು ಸಲ ಅಳೆದರೆ 248 ಬೇಕಿಲ್ಲ

"ಗದಗಿನ ಯೋಗ ಶಿಬಿರದಲ್ಲಿ ಅದೇ ಜನರ ಬಿಪಿ ಮುಂಚೆ, ಆಮೇಲೆ ಅಳೀತೀನಿ. ಎಸ್‌ಡಿ 14, ಇಳಿಕೆ 5. ಸೂತ್ರ 248 ಜನ ಅಂತಿದೆ. ಎಲ್ಲಿಂದ ತರಲಿ ಸರ್?"

ಅದು ಎರಡು ಬೇರೆ ಗುಂಪುಗಳ ಸೂತ್ರ ರೀ. ನಿಮಗೆ ಬೇಕಿರುವುದು ಒಬ್ಬೊಬ್ಬರ ವ್ಯತ್ಯಾಸದ ಎಸ್‌ಡಿ. ಮೊದಲು ಬಿಪಿ ಜಾಸ್ತಿ ಇದ್ದವರಿಗೆ ಆಮೇಲೂ ಸಾಮಾನ್ಯವಾಗಿ ಜಾಸ್ತಿಯೇ, ಅಲ್ವಾ? ಕಳೆದಾಗ ಆ ಏರುಪೇರು ಬಹುಪಾಲು ಹೊರಟುಹೋಗುತ್ತದೆ.

```
SDd = SD × √(2(1−r))
n = 7.85 × (SDd/5)²
```

ಮುಂಚಿನ ಮತ್ತು ಆಮೇಲಿನ ಅಳತೆಗಳ ಕೊರಿಲೇಶನ್ r 0.6 ಇದ್ದರೆ SDd 12.5. ಆಗ 80% ಪವರ್, 5% ಮಟ್ಟಕ್ಕೆ ಸುಮಾರು 50 ಜನ ಸಾಕು. r 0.3 ಆದರೆ 87. ಹಾಗಾಗಿ ಸುಮ್ನೆ ಊಹಿಸಬೇಡಿ. ಶಿಬಿರದಷ್ಟೇ ಅಂತರದಲ್ಲಿ ಎರಡು ಸಲ ಅಳೆದ ಹಳೆಯ ದಾಖಲೆಯಿಂದ r ತೆಗೆಯಿರಿ. ಒಂದೇ ದಿನದ ಎರಡು ಅಳತೆ ಹಿಡಿದರೆ r ಇರುವುದಕ್ಕಿಂತ ಜಾಸ್ತಿ ಬರುತ್ತದೆ, ಜನ ಕಡಿಮೆ ಬೀಳುತ್ತಾರೆ. ಶಿಬಿರದ ಮಧ್ಯೆ ಬಿಟ್ಟುಹೋಗುವವರ ಲೆಕ್ಕ ಬೇರೆ ಸೇರಿಸಿ.